ಒಂದು ಮೇಲ್‌ನಲ್ಲಿ ಮೂರು ವಿಷಯ ಕೇಳಿದೆ, ಒಂದಕ್ಕೆ ಮಾತ್ರ ಉತ್ತರ ಬಂತು. ಹೇಗೆ ಬರೆಯಬೇಕಿತ್ತು?

ರಾತ್ರಿಪಾಳಿ (ಪ್ರಶ್ನೆ ಕೇಳಿದವರು)

ನಾನು ಸರ್ವರ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಬಿಲ್ಲಿಂಗ್ ಸರ್ವರ್ ತುಂಬಿಕೊಳ್ಳುತ್ತಿದೆ. ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸಬೇಕು. ಅದಕ್ಕೆ ನಾಲ್ಕು ಗಂಟೆ ಬಿಲ್ಲಿಂಗ್ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಬೇಕು. 6ನೇ ತಾರೀಖು ಶುಕ್ರವಾರ ಅವರಿಗೆ ಈ ಮೇಲ್ ಕಳಿಸಿದೆ:

> ಸಬ್ಜೆಕ್ಟ್: ಸರ್ವರ್ ಬಗ್ಗೆ
>
> ನಮಸ್ಕಾರ ಮೇಡಂ, ತಾವು ಕ್ಷೇಮವೆಂದು ಭಾವಿಸುತ್ತೇನೆ. ಕಳೆದ ತಿಂಗಳ ಸಭೆಯಲ್ಲಿ ಚರ್ಚಿಸಿದಂತೆ ಬಿಲ್ಲಿಂಗ್ ಸರ್ವರ್‌ನ ಡಿಸ್ಕ್ ಶೇ 84 ತುಂಬಿದೆ. ಮೊದಲು ಹಳೆಯ ಲಾಗ್‌ಗಳನ್ನು ಅಳಿಸಿ ನೋಡಿದೆವು, ಆದರೆ ಆ ಜಾಗ ಬೇಗ ಮತ್ತೆ ತುಂಬಿತು. ನಂತರ ವೆಂಡರ್ ಜೊತೆ ಎರಡು ಸಲ ಮಾತಾಡಿದೆವು, ಅವರೂ ಹೊಸ ಸರ್ವರ್‌ಗೆ ಹೋಗುವುದೇ ಒಳ್ಳೆಯದು ಎಂದರು. ಅದೀಗ ತಯಾರಿದೆ. 14ನೇ ತಾರೀಖು ಶನಿವಾರ ರಾತ್ರಿ 10ರಿಂದ 2ರವರೆಗೆ ಬಿಲ್ಲಿಂಗ್ ನಿಲ್ಲಿಸಿ ವರ್ಗಾವಣೆ ಮಾಡಬಹುದು ಎಂದುಕೊಂಡಿದ್ದೇವೆ, ತಮ್ಮ ಅಭಿಪ್ರಾಯ ತಿಳಿಸಿದರೆ ಅನುಕೂಲ. ಪರೀಕ್ಷೆ ಮಾಡಲು ತಮ್ಮ ಕಡೆಯಿಂದ ಇಬ್ಬರು ಸಿಕ್ಕರೆ ಒಳ್ಳೆಯದು. ಹಾಗೆಯೇ ಗ್ರಾಹಕರಿಗೆ ಕಳಿಸುವ ಸೂಚನೆಯ ಕರಡನ್ನು ಲಗತ್ತಿಸಿದ್ದೇನೆ, ದಯವಿಟ್ಟು ಒಮ್ಮೆ ನೋಡಿ. ವಂದನೆಗಳು.

ಉತ್ತರ ಹೀಗೆ ಬಂತು: "ಸೂಚನೆ ಸರಿಯಿದೆ. ಧನ್ಯವಾದ." ಅಷ್ಟೇ!

ಬುಧವಾರ ಜ್ಞಾಪಿಸಿದೆ. "ಯಾವುದಕ್ಕೆ ಒಪ್ಪಿಗೆ?" ಅಂತ ಕೇಳಿದರು. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಗ್ರಾಹಕರಿಗೆ 48 ಗಂಟೆ ಮೊದಲು ಸೂಚನೆ ಕಳಿಸುವ ಸಮಯ ದಾಟಿಹೋಯಿತು. 14ರ ಕೆಲಸ ನಿಂತಿತು. ಈಗ 28ಕ್ಕೆ ಇಟ್ಟುಕೊಂಡಿದ್ದೇವೆ. ನಾನು ಎಲ್ಲವನ್ನೂ ಬರೆದಿದ್ದೆ ಅಲ್ವಾ? ಓದದಿದ್ದರೆ ನಾನೇನು ಮಾಡಲಿ?

---

ತಂತಿಬೇಲಿ

ಮೇಲ್ ಸ್ಪ್ಯಾಮ್‌ಗೆ ಹೋಗಿರಬೇಕು. ನನಗೂ ಹೀಗೇ ಆಗುತ್ತಿತ್ತು. ಓದಿದ್ದಾರಾ ಅಂತ ತಿಳಿಸುವ ರೀಡ್ ರಿಸೀಟ್ ಹಾಕಿ ಕಳಿಸಿ. ಯಾವಾಗ ತೆರೆದರು ಅಂತ ಗೊತ್ತಾಗುತ್ತೆ, ಆಮೇಲೆ "ನೋಡಲಿಲ್ಲ" ಅನ್ನೋಕೆ ಆಗಲ್ಲ.

---

ರಾತ್ರಿಪಾಳಿ

ಇಲ್ಲ, ಅವರಿಗೆ ತಲುಪಿದೆ, ತೆರೆದಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ. ಮೂರರಲ್ಲಿ ಒಂದಕ್ಕೆ ಮಾತ್ರ ಕೊಟ್ಟಿದ್ದಾರೆ ಅನ್ನೋದೇ ನನ್ನ ತಲೆನೋವು.

---

ಚುಟುಕು

ಸುಲಭ. ಮೂರು ವಿಷಯ ಇದ್ದರೆ ಮೂರು ಮೇಲ್. ಒಂದಕ್ಕೆ ಒಂದೇ ಪ್ರಶ್ನೆ. ಪ್ರತಿಯೊಂದೂ ಎರಡು ಸಾಲು ಮೀರಬಾರದು. ಸಬ್ಜೆಕ್ಟ್ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಜೊತೆಗೆ ಕೊನೆಯಲ್ಲಿ ಹಾಕಿ: "ಇಂಥ ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಇದೆ ಎಂದು ತಿಳಿದು ಮುಂದುವರಿಯುತ್ತೇವೆ." ನಾನು ಎಲ್ಲರಿಗೂ ಹೀಗೇ ಕಳಿಸೋದು, ಕೆಲಸ ಎಲ್ಲೂ ನಿಲ್ಲಲ್ಲ.

---

ದೊಡ್ಡಮೇಜು

ನಾನು ಇಂಥ ಮೇಲ್ ಓದುವ ಕಡೆ ಕೂತಿರುವವನು. ಚುಟುಕು ಅವರೇ, ಒಬ್ಬರಿಂದಲೇ ಒಂದೇ ನಿಮಿಷದಲ್ಲಿ ಮೂರು ಮೇಲ್ ಬಂದರೆ ನಾನು ಮೇಲಿರುವುದನ್ನು ತೆರೆದು ಉತ್ತರಿಸಿ ಮುಂದೆ ಹೋಗಿಬಿಡುತ್ತೇನೆ. ಉಳಿದೆರಡು ಕೆಳಗೆ ಸರಿದುಹೋಗುತ್ತವೆ. ನನಗೆ ಬೇಕಿರುವುದು ಒಂದೇ ಮೇಲ್, ಅದರಲ್ಲಿ 1, 2, 3 ಅಂತ ನಂಬರ್.

ರಾತ್ರಿಪಾಳಿ ಅವರಿಗೆ ಒಂದು ಮಾತು. ನಿಮ್ಮ ಮೇಡಂ ಸೂಚನೆಗೆ ಮಾತ್ರ ಯಾಕೆ ಉತ್ತರಿಸಿದರು ಅಂತ ನನಗೆ ಚೆನ್ನಾಗಿ ಗೊತ್ತು. ಅದು ಕೊನೆಯ ಸಾಲಿನಲ್ಲಿತ್ತು. ಕೂತಲ್ಲೇ ಮಾಡಿ ಮುಗಿಸುವಂಥದ್ದಾಗಿತ್ತು. ಎರಡು ಮೀಟಿಂಗ್ ನಡುವೆ ಫೋನ್‌ನಲ್ಲಿ ಓದುವವರು ಸುಲಭದ್ದನ್ನು ಮುಗಿಸಿ, ಉತ್ತರ ಕೊಟ್ಟಾಯಿತು ಅಂದುಕೊಳ್ಳುತ್ತಾರೆ. ಆಮೇಲೆ ಆ ಮೇಲ್ "ಓದಿದ್ದು" ಆಗಿಬಿಡುತ್ತೆ. ಮತ್ತೆ ಯಾರು ತೆರೀತಾರೆ?

---

ಹಳೇಕೀಲಿಮಣೆ

ದೊಡ್ಡಮೇಜು ಹೇಳಿದ್ದು ಸರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ನಾನು ತುಂಬ ವರ್ಷ ಒಬ್ಬ ಹಿರಿಯ ಅಧಿಕಾರಿಯ ಕಚೇರಿಯಲ್ಲಿ ಅವರಿಗೆ ಬರುವ ಮೇಲ್‌ಗಳನ್ನು ಮೊದಲು ಓದಿ ಬೇರ್ಪಡಿಸುವ ಕೆಲಸ ಮಾಡಿದ್ದೇನೆ. "ನೀವು ಏನು ಕೇಳುತ್ತಿದ್ದೀರಿ?" ಅಂತ ವಾಪಸ್ ಕಳಿಸುತ್ತಿದ್ದ ಮೇಲ್‌ಗಳಲ್ಲಿ ಹೆಚ್ಚಿನವು ನಿಮ್ಮದರ ಹಾಗೇ ಇರುತ್ತಿದ್ದವು. ವಿಷಯ ಪೂರ್ತಿ ಇರುತ್ತಿತ್ತು, ಕೋರಿಕೆ ಮಾತ್ರ ಕೋರಿಕೆಯ ಹಾಗೆ ಕಾಣುತ್ತಿರಲಿಲ್ಲ.

ನಿಮ್ಮ ಮೇಲ್‌ನಲ್ಲಿ ಒಪ್ಪಿಗೆ ಕೇಳಿದ ಸಾಲು ನೋಡಿ. "ಮಾಡಬಹುದು ಎಂದುಕೊಂಡಿದ್ದೇವೆ, ತಮ್ಮ ಅಭಿಪ್ರಾಯ ತಿಳಿಸಿದರೆ ಅನುಕೂಲ." ಇದನ್ನು ಓದಿದವರಿಗೆ "ಸರಿ, ಇವರು ಯೋಚನೆ ಮಾಡ್ತಿದ್ದಾರೆ" ಅಂತ ಅನಿಸುತ್ತದೆ. ತಾವು ಹೂಂ ಅನ್ನದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಅನಿಸುವುದಿಲ್ಲ. ಯಾವ ದಿನದೊಳಗೆ ಬೇಕು ಅಂತಲೂ ಇಲ್ಲ. 48 ಗಂಟೆಯ ಲೆಕ್ಕ ನಿಮ್ಮ ತಲೆಯಲ್ಲಿತ್ತು, ಮೇಲ್‌ನಲ್ಲಿ ಇರಲಿಲ್ಲ.

ಇನ್ನು ಮೂರು ಮೇಲ್ ಬೇಕಾ, ಒಂದು ಬೇಕಾ ಅನ್ನೋದು. ಎಷ್ಟು ಪ್ರಶ್ನೆ ಇದೆ ಅಂತ ಎಣಿಸುವ ಮೊದಲು ಪ್ರತಿಯೊಂದಕ್ಕೂ ಯಾರು ಉತ್ತರ ಕೊಡಬೇಕು, ಯಾವಾಗ ಕೊಡಬೇಕು, ಒಂದರ ಉತ್ತರ ಇನ್ನೊಂದನ್ನು ಕಾಯುತ್ತಾ ಅಂತ ನೋಡಿ. ನಿಮ್ಮ ಮೂರನ್ನೂ ಹೀಗೆ ನೋಡಿದರೆ:

ನಿಲುಗಡೆಗೆ ಒಪ್ಪಿಗೆ ಕೊಡುವುದು ಮೇಡಂ ಒಬ್ಬರೇ. ಇಬ್ಬರು ಪರೀಕ್ಷಕರು ಬೇಕಾಗುವುದು ಒಪ್ಪಿಗೆ ಸಿಕ್ಕಮೇಲೆ, ಅದನ್ನು ಅವರ ಕೆಳಗಿನ ಟೀಂ ಲೀಡ್ ನಿರ್ಧರಿಸಬಹುದು. ಸೂಚನೆಯ ಪದಗಳನ್ನು ನೋಡಬೇಕಾದವರು ಗ್ರಾಹಕರ ಜೊತೆ ದಿನಾ ಮಾತಾಡುವ ತಂಡ. ಆ ಕರಡು ಮೇಡಂ ಹತ್ತಿರ ಹೋಗಬೇಕಾಗಿಯೇ ಇರಲಿಲ್ಲ. ಹೋಗಿದ್ದಕ್ಕೆ ಅವರು ಅದನ್ನೇ ಓದಿ, ಅದಕ್ಕೇ ಉತ್ತರ ಕೊಟ್ಟರು.

ಅಂದರೆ ಮೇಡಂಗೆ ಕೇಳಬೇಕಿದ್ದದ್ದು ಒಂದೇ. ಉಳಿದೆರಡು ಬೇರೆಯವರಿಗೆ. ಒಬ್ಬರಿಗೇ ಮೂರು ಮೇಲ್ ಕಳಿಸುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

---

ರಾತ್ರಿಪಾಳಿ

ಟೀಂ ಲೀಡ್‌ಗೆ ನೇರ ಕೇಳಿದರೆ ಮೇಡಂನ ದಾಟಿಹೋದ ಹಾಗೆ ಆಗಲ್ವಾ?

---

ಹಳೇಕೀಲಿಮಣೆ

ಮೇಡಂ ಮೇಲ್‌ನಲ್ಲೇ ಒಂದು ಸಾಲು ಹಾಕಿ: "ಒಪ್ಪಿದರೆ ಪರೀಕ್ಷೆಗೆ ಇಬ್ಬರನ್ನು ನಿಮ್ಮ ಟೀಂ ಲೀಡ್ ಹತ್ತಿರ ಕೇಳುತ್ತೇನೆ." ಅದು ಮಾಹಿತಿ, ಅದಕ್ಕೆ ಉತ್ತರ ಬೇಕಿಲ್ಲ. ಬೇಡ ಅನಿಸಿದರೆ ಅವರೇ ಹೇಳುತ್ತಾರೆ.

---

ಕಡತಪ್ರಿಯೆ

ನನ್ನದೂ ಸ್ವಲ್ಪ ಇದೇ ಕಥೆ. ನಾನು ಸಿಬ್ಬಂದಿ ವಿಭಾಗದವಳು. ರಜೆಯ ಹೊಸ ನಿಯಮದ ಕರಡನ್ನು ಒಂಬತ್ತು ವಿಭಾಗದ ಮುಖ್ಯಸ್ಥರಿಗೆ ಒಟ್ಟಿಗೆ ಕಳಿಸಿ "ಎಲ್ಲರೂ ಅಭಿಪ್ರಾಯ ತಿಳಿಸಿ" ಅಂದೆ. ಒಬ್ಬರೂ ಬರೆಯಲಿಲ್ಲ. ಸಬ್ಜೆಕ್ಟ್ ಚೆನ್ನಾಗಿತ್ತು, ತಾರೀಖು ಇತ್ತು, ಕೇಳಿದ್ದೂ ಒಂದೇ ವಿಷಯ. ಆದರೂ ಹೀಗಾಯಿತು.

---

ಹಳೇಕೀಲಿಮಣೆ

ಒಂಬತ್ತು ಹೆಸರು ಸಾಲಾಗಿ ಇದ್ದರೆ ಪ್ರತಿಯೊಬ್ಬರಿಗೂ ಉಳಿದ ಎಂಟು ಜನ ಕಾಣುತ್ತಾರೆ. ಅವರಲ್ಲಿ ಯಾರಾದರೂ ಬರೀತಾರೆ ಬಿಡು ಅನಿಸುತ್ತದೆ. ಇನ್ನೊಂದು, "ಅಭಿಪ್ರಾಯ ತಿಳಿಸಿ" ಅಂದರೆ ಪೂರ್ತಿ ಕರಡು ಓದಬೇಕು. ಅದನ್ನು ಯಾರೂ ಮಧ್ಯಾಹ್ನದ ಬಿಡುವಿನಲ್ಲಿ ಮಾಡುವುದಿಲ್ಲ. ರಾತ್ರಿ ಪಾಳಿ ಇರುವ ವಿಭಾಗದವರಿಗೆ ಬೇರೆಯಾಗಿ "4ನೇ ನಿಯಮ ನಿಮ್ಮ ಪಾಳಿಗೆ ಹೊಂದುತ್ತಾ?" ಅಂತ ಕೇಳಿ ನೋಡಿ. ಅವರವರಿಗೆ ಸಂಬಂಧಪಟ್ಟ ಒಂದು ಜಾಗ ತೋರಿಸಿದರೆ ಬರೀತಾರೆ.

---

ಕಡತಪ್ರಿಯೆ

ಒಂಬತ್ತು ಬೇರೆ ಬೇರೆ ಮೇಲ್ ಬರೆಯೋಕೆ ನನಗೆ ಅರ್ಧ ದಿನ ಬೇಕು ಸಾರ್. ಯಾರ ಸಮಯ ಉಳಿಸ್ತಿದ್ದೀವಿ ಇಲ್ಲಿ?

---

ದೊಡ್ಡಮೇಜು

ಹಹ್ಹ, ನ್ಯಾಯವಾದ ಪ್ರಶ್ನೆ. ನನ್ನ ಸಮಯ, ಮತ್ತೇನು.

---

ಹಳೇಕೀಲಿಮಣೆ

ರಾತ್ರಿಪಾಳಿ ಅವರ ಮೇಲ್‌ಗೆ ವಾಪಸ್ ಬರೋಣ. ಸಬ್ಜೆಕ್ಟ್‌ನಿಂದ ಶುರು. "ಸರ್ವರ್ ಬಗ್ಗೆ" ಅಂದರೆ ಅದು ದೂರೋ, ಮಾಹಿತಿಯೋ, ಕೋರಿಕೆಯೋ ಗೊತ್ತಾಗುವುದಿಲ್ಲ. ಚುಟುಕು ಅವರು ಚಿಕ್ಕದಿದ್ದಷ್ಟು ಒಳ್ಳೆಯದು ಅಂದರು. ಇದು ಎರಡೇ ಪದ, ಇನ್ನೆಷ್ಟು ಚಿಕ್ಕದು ಮಾಡೋದು? ಸಬ್ಜೆಕ್ಟ್ ಓದಿಯೇ ತಾನು ಏನು ಮಾಡಬೇಕು, ಯಾವುದರ ಬಗ್ಗೆ, ಯಾವಾಗಿನೊಳಗೆ ಅನ್ನೋದು ತಿಳಿಯಬೇಕು. ಹೀಗೆ:

> ಒಪ್ಪಿಗೆ ಬೇಕು, ಬುಧವಾರ 25ರೊಳಗೆ: ಶನಿವಾರ 28ರ ರಾತ್ರಿ ಬಿಲ್ಲಿಂಗ್ ನಿಲುಗಡೆ

ಇದು ಉದ್ದ ಇದೆ, ಒಪ್ಪುತ್ತೇನೆ. ನೆಟ್ಟಗೆ ಹಿಡಿದ ಫೋನ್‌ನಲ್ಲಿ ಸಬ್ಜೆಕ್ಟ್‌ನ ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು, ಉಳಿದದ್ದು ಚುಕ್ಕಿ ಚುಕ್ಕಿ ಆಗುತ್ತದೆ. ಅದಕ್ಕೇ ಮುಖ್ಯವಾದದ್ದು ಎಡಗಡೆ ಬರಬೇಕು. ಇಲ್ಲಿ "ಒಪ್ಪಿಗೆ ಬೇಕು, ಬುಧವಾರ 25ರೊಳಗೆ" ಅಷ್ಟು ಕಂಡರೂ ಅವರು ತೆರೆಯುತ್ತಾರೆ. "ಕಳೆದ ತಿಂಗಳ ಸಭೆಯಲ್ಲಿ ಚರ್ಚಿಸಿದ ಸರ್ವರ್..." ಅಂತ ಶುರು ಮಾಡಿದರೆ ಒಪ್ಪಿಗೆ ಅನ್ನೋ ಪದ ಕತ್ತರಿಸಿಹೋಗುತ್ತೆ.

"ಅರ್ಜೆಂಟ್" ಅನ್ನೋದನ್ನು ಹಾಕಬೇಡಿ. ತಾರೀಖು ಇದ್ದರೆ ಅವಸರ ಎಷ್ಟು ಅಂತ ಅದೇ ಹೇಳುತ್ತದೆ.

---

ದೊಡ್ಡಮೇಜು

ಇಲ್ಲಿ ನನ್ನ ತಕರಾರು. ನನಗೆ ವಿಷಯ ಮೊದಲು ಬೇಕು: "ಬಿಲ್ಲಿಂಗ್ ನಿಲುಗಡೆ, ಶನಿವಾರ 28: ಬುಧವಾರದೊಳಗೆ ಒಪ್ಪಿಗೆ ಬೇಕು." ನನ್ನ ಇನ್‌ಬಾಕ್ಸ್‌ನಲ್ಲಿ "ಒಪ್ಪಿಗೆ ಬೇಕು" ಅಂತ ಶುರುವಾಗುವವು ದಂಡಿಯಾಗಿ ಬರುತ್ತವೆ. ಎಲ್ಲವೂ ಒಂದೇ ಥರ ಕಾಣುತ್ತವೆ. ಆರು ತಿಂಗಳ ಮೇಲೆ ಹುಡುಕುವಾಗಲೂ ನನಗೆ ನೆನಪಿರೋದು "ಬಿಲ್ಲಿಂಗ್" ಅನ್ನೋ ಪದ.

---

ಹಳೇಕೀಲಿಮಣೆ

ಹುಡುಕುವ ಪೆಟ್ಟಿಗೆಗೆ ಪದ ಮೊದಲಿದೆಯಾ ಕೊನೆಗಿದೆಯಾ ಅನ್ನೋದು ಮುಖ್ಯ ಅಲ್ಲ, ಎಲ್ಲಿದ್ದರೂ ಸಿಗುತ್ತೆ. ಆದರೆ ಒಪ್ಪಿಗೆ ಕೇಳುವ ಮೇಲ್‌ಗಳೇ ತುಂಬಿದ ಇನ್‌ಬಾಕ್ಸ್‌ನಲ್ಲಿ ವಿಷಯ ಮೊದಲಿದ್ದರೆ ಕಣ್ಣಿಗೆ ಬೇಗ ಬೀಳುತ್ತೆ ಅನ್ನೋದು ನಿಜ. ನಾನಿದ್ದ ಕಡೆ ಹೆಚ್ಚಿನವು ಬರೀ ಮಾಹಿತಿಯ ಮೇಲ್, ಒಪ್ಪಿಗೆ ಕೇಳುವುದು ಕಡಿಮೆ. ಹಾಗಾಗಿ ನಮಗೆ ಅದೇ ಮೊದಲು ಬೇಕಿತ್ತು. ರಾತ್ರಿಪಾಳಿ, ನಿಮ್ಮ ಮೇಡಂ ಯಾವ ಥರ ಅಂತ ನೀವೇ ನೋಡಿ.

---

ಹೊಸಬ22

ನಾನು ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಯ್ತು. ನೇರವಾಗಿ "ಒಪ್ಪಿಗೆ ಬೇಕು" ಅಂತ ಮೇಲಿನವರಿಗೆ ಬರೆದರೆ ದರ್ಪ ಅನಿಸಲ್ವಾ? "ತಾವು ಕ್ಷೇಮವೆಂದು ಭಾವಿಸುತ್ತೇನೆ" ಅನ್ನೋದನ್ನ ಬಿಟ್ಟರೆ ಬೇಜಾರು ಮಾಡ್ಕೊಳ್ಳಲ್ವಾ?

---

ಹಳೇಕೀಲಿಮಣೆ

ಫೋನ್‌ನಲ್ಲಿ ಸಬ್ಜೆಕ್ಟ್ ಕೆಳಗೆ ಸಣ್ಣ ಅಕ್ಷರದಲ್ಲಿ ಮೇಲ್‌ನ ಮೊದಲ ಸಾಲು ಕಾಣುತ್ತದಲ್ಲ, ಅದು ತೆರೆಯುವ ಮೊದಲೇ ಓದಿಸಿಕೊಳ್ಳುವ ಸಾಲು. ಅಲ್ಲಿ ಕ್ಷೇಮಸಮಾಚಾರ ಕೂತರೆ ಆ ಜಾಗ ದಂಡ. "ಮೇಡಂ," ಅಂತ ಕರೆದು ನೇರ ವಿಷಯಕ್ಕೆ ಬನ್ನಿ. ಮರ್ಯಾದೆ "ಕೊಡಿ" ಬದಲು "ಕೊಡಬೇಕೆಂದು ಕೋರುತ್ತೇನೆ" ಅನ್ನುವುದರಲ್ಲಿ ಬರುತ್ತದೆ. ಉಪಚಾರದ ಸಾಲು ಬೇಕೇಬೇಕಾದರೆ ಕೊನೆಯಲ್ಲಿ ಇರಲಿ.

ಅಮೆರಿಕದ ಸೇನೆಯಲ್ಲಿ ಪತ್ರ ಬರೆಯುವ ವಿಧಾನದ ಬಗ್ಗೆಯೇ ಒಂದು ನಿಯಮಾವಳಿ ಇದೆ, ಅದರ ನಂಬರ್ 25-50. ಮುಖ್ಯ ಮಾತನ್ನು ಮೊದಲೇ ಇಡಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಪದವಿ, ಸಲ್ಯೂಟ್ ಎಲ್ಲ ಅಷ್ಟು ಕಟ್ಟುನಿಟ್ಟಾಗಿರುವ ಜಾಗದಲ್ಲೇ ಅದು ಅಗೌರವ ಅಲ್ಲ.

---

ಕಡತಪ್ರಿಯೆ

ಇದನ್ನು ನಾನು ಪೂರ್ತಿ ಒಪ್ಪಲ್ಲ. ದಿನಾ ಮಾತಾಡುವವರಿಗೆ ಸರಿ. ಮೊದಲ ಸಲ ಬರೆಯುತ್ತಿರುವ ಹೊರಗಿನವರಿಗೆ, ಅಥವಾ ಮನೆಯಲ್ಲಿ ಏನೋ ಆಗಿ ರಜೆ ಮುಗಿಸಿ ಬಂದವರಿಗೆ, ಮೊದಲ ಸಾಲಲ್ಲೇ "25ರೊಳಗೆ ಒಪ್ಪಿಗೆ ಬೇಕು" ಅಂದರೆ ಚುಚ್ಚುತ್ತೆ. ಸೇನೆಯಲ್ಲಿ ಎಲ್ಲರಿಗೂ ನಿಯಮ ಗೊತ್ತಿರುತ್ತೆ, ನಮ್ಮ ಆಫೀಸಲ್ಲಿ ಯಾರಿಗೆ ಗೊತ್ತಿರುತ್ತೆ?

---

ಹಳೇಕೀಲಿಮಣೆ

ರಜೆ ಮುಗಿಸಿ ಬಂದವರ ವಿಷಯ ಒಪ್ಪಿದೆ. ಅಂಥವರಿಗೆ ಒಪ್ಪಿಗೆ ಕೇಳುವ ಮೇಲ್‌ಗಿಂತ ಮೊದಲು ಒಂದು ಫೋನ್ ಮಾಡಿ.

ಈಗ ಮೇಲ್‌ನ ಒಳಗೆ. ಕತ್ತರಿಸುವಾಗ ಪ್ರತಿ ವಾಕ್ಯವನ್ನೂ ಹೀಗೆ ಪರೀಕ್ಷೆ ಮಾಡಿ: ಇದನ್ನು ತೆಗೆದರೆ ಅವರ ಉತ್ತರ ಬದಲಾಗುತ್ತಾ? ಅಥವಾ ಇದಿಲ್ಲ ಅಂತ ಅವರು ವಾಪಸ್ ಪ್ರಶ್ನೆ ಕೇಳುತ್ತಾರಾ? ಎರಡಕ್ಕೂ ಇಲ್ಲ ಅಂತಾದರೆ ತೆಗೆಯಿರಿ.

ಕಳೆದ ತಿಂಗಳ ಸಭೆ: ತೆಗೆದರೆ ಏನೂ ಆಗಲ್ಲ. ವೆಂಡರ್ ಜೊತೆ ಎರಡು ಸಲ ಮಾತಾಡಿದ್ದು: ಅದು ನಿಮ್ಮ ಶ್ರಮದ ಕಥೆ, ಮೇಡಂ ನಿರ್ಧಾರಕ್ಕೆ ಬೇಕಿಲ್ಲ. ಲಾಗ್ ಅಳಿಸಿದ್ದು: ಇಲ್ಲಿ ಸ್ವಲ್ಪ ನಿಲ್ಲಿ. "ಹಳೆಯದನ್ನು ಅಳಿಸಿದರೆ ಸಾಕಲ್ವಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಅರ್ಧ ವಾಕ್ಯದಲ್ಲಿ ಇರಲಿ. ಶೇ 84: ಬರೀ ಈ ಅಂಕಿಯಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಯಾವಾಗ ಪೂರ್ತಿ ತುಂಬುತ್ತದೆ ಅನ್ನೋದು ಬೇಕು. ಈಗ ಎಷ್ಟಿದೆ?

---

ರಾತ್ರಿಪಾಳಿ

ಇವತ್ತು 20ನೇ ತಾರೀಖು ಶೇ 91. ಎರಡು ವಾರದಲ್ಲಿ 7 ಏರಿದೆ. ಅಂದರೆ ವಾರಕ್ಕೆ ಮೂರೂವರೆ. ಉಳಿದ 9 ತುಂಬಲು ಎರಡೂವರೆ ವಾರಕ್ಕಿಂತ ಸ್ವಲ್ಪ ಜಾಸ್ತಿ. ಮುಂದಿನ ತಿಂಗಳ ಎರಡನೇ ವಾರ ಅಂದುಕೊಳ್ಳಿ.

---

ಹಳೇಕೀಲಿಮಣೆ

ಇದನ್ನೇ ಬರೆಯಿರಿ. ಮೇಡಂ ತಲೆ ಎತ್ತಿ ನೋಡುವುದು ಈ ಸಾಲಿಗೇ. ನನ್ನ ಕರಡು:

> ಸಬ್ಜೆಕ್ಟ್: ಒಪ್ಪಿಗೆ ಬೇಕು, ಬುಧವಾರ 25ರೊಳಗೆ: ಶನಿವಾರ 28ರ ರಾತ್ರಿ ಬಿಲ್ಲಿಂಗ್ ನಿಲುಗಡೆ
>
> ಮೇಡಂ,
>
> ಶನಿವಾರ 28ರ ರಾತ್ರಿ 10ರಿಂದ 2ರವರೆಗೆ ಬಿಲ್ಲಿಂಗ್ ನಿಲ್ಲಿಸಲು ನಿಮ್ಮ ಒಪ್ಪಿಗೆ ಕೋರುತ್ತೇನೆ. ಬುಧವಾರ 25ರ ಸಂಜೆ 5ರೊಳಗೆ "ಒಪ್ಪಿಗೆ" ಅಥವಾ "ಬೇಡ" ಎಂದು ಬರೆದರೆ ಸಾಕು.
>
> ಸರ್ವರ್ ಡಿಸ್ಕ್ ಶೇ 91 ತುಂಬಿದೆ. ಈಗಿನ ವೇಗದಲ್ಲಿ ಮುಂದಿನ ತಿಂಗಳ ಎರಡನೇ ವಾರ ಪೂರ್ತಿ ತುಂಬುತ್ತದೆ, ಆಮೇಲೆ ಹೊಸ ಬಿಲ್ ಉಳಿಯುವುದಿಲ್ಲ. ಹಳೆಯ ಲಾಗ್ ಅಳಿಸಿ ನೋಡಿದೆವು, ಸಾಲಲಿಲ್ಲ. ಆ ರಾತ್ರಿ ಎಲ್ಲವನ್ನೂ ಹೊಸ ಸರ್ವರ್‌ಗೆ ವರ್ಗಾಯಿಸುತ್ತೇವೆ.
>
> ಗ್ರಾಹಕರಿಗೆ 48 ಗಂಟೆ ಮೊದಲು ಸೂಚನೆ ಹೋಗಬೇಕು, ಅದಕ್ಕೇ ಬುಧವಾರ. ಅಷ್ಟರೊಳಗೆ ಉತ್ತರ ಸಿಗದಿದ್ದರೆ 28ರ ಕೆಲಸವನ್ನು ಮುಂದಕ್ಕೆ ಹಾಕುತ್ತೇವೆ.
>
> ಒಪ್ಪಿದರೆ ಪರೀಕ್ಷೆಗೆ ಇಬ್ಬರನ್ನು ನಿಮ್ಮ ಟೀಂ ಲೀಡ್ ಹತ್ತಿರ ಕೇಳುತ್ತೇನೆ.

---

ಚುಟುಕು

ಇದು ಇನ್ನೂ ಉದ್ದ ಇದೆ. ಮೊದಲ ಪ್ಯಾರಾ ಮಾತ್ರ ಸಾಕು. ಉಳಿದದ್ದು ಬೇಕಿದ್ದರೆ ಅವರೇ ಕೇಳ್ತಾರೆ. ಮತ್ತೆ "ಮುಂದಕ್ಕೆ ಹಾಕುತ್ತೇವೆ" ಯಾಕೆ? ನಾನು ಹೇಳಿದ ಹಾಗೆ "ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ" ಅಂತ ಹಾಕಿದ್ದರೆ ಕೆಲಸ ಆಗೇ ಹೋಗ್ತಿತ್ತು.

---

ದೊಡ್ಡಮೇಜು

ಮೊದಲ ಪ್ಯಾರಾ ಮಾತ್ರ ಬಂದರೆ ನಾನು ಬರೆಯುವ ಉತ್ತರ: "ಯಾಕೆ?" ಆಮೇಲೆ ನೀವು ಬರೀತೀರಿ. ಅಷ್ಟರಲ್ಲಿ ನಾನು ಇನ್ನೊಂದು ಮೀಟಿಂಗ್‌ನಲ್ಲಿರ್ತೀನಿ. ಒಂದು ದಿನ ಹೋಯಿತು. ನಾಲ್ಕು ಸಾಲು ಜಾಸ್ತಿ ಓದೋಕೆ ನನಗೆ ಅರ್ಧ ನಿಮಿಷ ಸಾಕು.

ಹಾಗೆ ನೋಡಿದರೆ ಕರಡಿನಲ್ಲಿ ಒಂದು ಕಡಿಮೆಯೇ ಇದೆ. ವರ್ಗಾವಣೆ ಅರ್ಧಕ್ಕೆ ಕೆಟ್ಟರೆ ಏನು? ಬಿಲ್ಲಿಂಗ್ ನನ್ನದಾಗಿದ್ದರೆ ನಾನು ಮೊದಲು ಕೇಳೋದು ಅದನ್ನೇ.

---

ರಾತ್ರಿಪಾಳಿ

ರಾತ್ರಿ 1ಕ್ಕೆ ಪರೀಕ್ಷೆ ಪಾಸಾಗದಿದ್ದರೆ ಹಳೆಯ ಸರ್ವರನ್ನೇ ಮತ್ತೆ ಚಾಲೂ ಮಾಡುತ್ತೇವೆ, 2ರೊಳಗೆ ಮೊದಲಿನ ಸ್ಥಿತಿಗೆ ಬರುತ್ತೆ. ಹಳೆಯದನ್ನು ಒಂದು ವಾರ ಹಾಗೇ ಇಟ್ಟಿರುತ್ತೇವೆ.

---

ಹಳೇಕೀಲಿಮಣೆ

ನಾನು ಬಿಟ್ಟಿದ್ದನ್ನು ದೊಡ್ಡಮೇಜು ಹಿಡಿದರು. ಎರಡನೇ ಪ್ಯಾರಾದ ಕೊನೆಗೆ ಸೇರಿಸಿ: "ರಾತ್ರಿ 1ಕ್ಕೆ ಪರೀಕ್ಷೆ ಸರಿಬರದಿದ್ದರೆ ಹಳೆಯ ಸರ್ವರ್‌ಗೇ ಮರಳುತ್ತೇವೆ, 2ಕ್ಕೆ ಬಿಲ್ಲಿಂಗ್ ಶುರುವಾಗುತ್ತದೆ."

ಚುಟುಕು ಅವರ ಮೌನದ ಒಪ್ಪಿಗೆ ಬಗ್ಗೆ. ಅದನ್ನು ನಾನೂ ಬಳಸುತ್ತೇನೆ, ಆದರೆ ತಪ್ಪಾದರೂ ಸುಲಭವಾಗಿ ಸರಿಪಡಿಸಬಹುದಾದ ಕಡೆ ಮಾತ್ರ. "ಮೀಟಿಂಗ್ ಅಜೆಂಡಾ ಇದು, ನಾಳೆಯೊಳಗೆ ಬದಲಾವಣೆ ಹೇಳದಿದ್ದರೆ ಹೀಗೇ ಹಂಚುತ್ತೇನೆ" ಅನ್ನಬಹುದು. ಬಿಲ್ಲಿಂಗ್ ನಿಲ್ಲಿಸುವುದು, ದುಡ್ಡು ಕೊಡುವುದು, ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಇವಕ್ಕೆಲ್ಲ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಮೇಡಂ ಹುಷಾರಿಲ್ಲದೆ ಮಲಗಿದ್ದರೆ ಅವರ ಮೌನಕ್ಕೆ ಏನು ಅರ್ಥ? ಭಾನುವಾರ ಬೆಳಿಗ್ಗೆ ಏನಾದರೂ ಕೆಟ್ಟಿದ್ದರೆ "ನಾನೆಲ್ಲಿ ಒಪ್ಪಿದ್ದೆ?" ಅನ್ನುತ್ತಾರೆ, ಅವರು ಹೇಳುವುದು ಸರಿಯಾಗಿಯೂ ಇರುತ್ತದೆ.

ಹಾಗಂತ ಉತ್ತರ ಬರದಿದ್ದರೆ ಏನಾಗುತ್ತದೆ ಅಂತ ಬರೆಯದೆ ಬಿಡಬಾರದು. ಸುರಕ್ಷಿತವಾದ ಕಡೆಗೆ ತಿರುಗಿಸಿ ಬರೆಯಿರಿ. "ಮುಂದಕ್ಕೆ ಹಾಕುತ್ತೇವೆ" ಅಂದಾಗ ಸುಮ್ಮನಿದ್ದರೆ ಆಗುವ ನಷ್ಟ ಅವರ ಕಣ್ಣಿಗೆ ಬೀಳುತ್ತದೆ. ಡಿಸ್ಕ್ ತುಂಬುವ ಸಾಲು ಅದರ ಮೇಲೇ ಇದೆಯಲ್ಲ.

---

ಚುಟುಕು

ನಮ್ಮಲ್ಲಿ ಇದುವರೆಗೆ ಯಾರೂ "ಎಲ್ಲಿ ಒಪ್ಪಿದ್ದೆ" ಅಂತ ಕೇಳಿಲ್ಲ. ಆದರೆ ನಾನು ಕಳಿಸೋದು ಪೋಸ್ಟರ್ ಡಿಸೈನ್, ಸರ್ವರ್ ಅಲ್ಲ. ಅಲ್ಲಿಗೆ ಅದು ನಡೆಯುತ್ತೆ ಬಿಡಿ.

---

ಹೊಸಬ22

ಹಳೆಯ ಮೇಲ್‌ಗೇ ರಿಪ್ಲೈ ಮಾಡಿ ಇದನ್ನು ಕಳಿಸಬೇಕಾ, ಹೊಸದಾಗಿ ಕಳಿಸಬೇಕಾ? ಹಳೆಯದಾದರೆ ಹಿಂದಿನ ಮಾತೆಲ್ಲ ಜೊತೆಗಿರುತ್ತೆ ಅಲ್ವಾ.

---

ಹಳೇಕೀಲಿಮಣೆ

ಹೊಸದಾಗಿ. ಹಳೆಯದಕ್ಕೆ ರಿಪ್ಲೈ ಮಾಡಿದರೆ `Re:` ಸರ್ವರ್ ಬಗ್ಗೆ ಅಂತಲೇ ಹೋಗುತ್ತದೆ. ಅದರ ಕೆಳಗೆ ಮೂರು ಪ್ರಶ್ನೆಯ ಹಳೆಯ ಪ್ಯಾರಾ, "ಯಾವುದಕ್ಕೆ ಒಪ್ಪಿಗೆ" ಅನ್ನೋ ಗೊಂದಲ ಎಲ್ಲ ಬಾಲದ ಹಾಗೆ ಜೊತೆಗೆ ಬರುತ್ತವೆ.

ಇನ್ನೊಂದು ವಿಷಯ ಗೊತ್ತಿರಲಿ. ಜಿಮೇಲ್‌ನಲ್ಲಿ ರಿಪ್ಲೈ ಮಾಡುವಾಗ ಸಬ್ಜೆಕ್ಟ್ ಬದಲಿಸಿದರೆ ಅದು ಹೊಸ ಸಂಭಾಷಣೆಯಾಗಿ ಬೇರೆ ಹೋಗುತ್ತದೆ. ವಿಷಯವೇ ಬೇರೆಯಾದಾಗ ಅದು ಒಳ್ಳೆಯದೇ. ಆದರೆ ಅದೇ ವಿಷಯದ ಮಧ್ಯೆ ಸಬ್ಜೆಕ್ಟ್‌ಗೆ "ಜ್ಞಾಪನೆ" ಅಂತ ಸೇರಿಸಿದರೂ ಹಾಗೇ ಆಗುತ್ತೆ, ಹಿಂದಿನ ಮಾತು ಒಂದು ಕಡೆ, ಇದು ಒಂದು ಕಡೆ. ಜ್ಞಾಪಿಸುವಾಗ ಸಬ್ಜೆಕ್ಟ್ ಮುಟ್ಟಬೇಡಿ. ಅದೇ ಮೇಲ್‌ಗೆ ರಿಪ್ಲೈ ಒತ್ತಿ, ಮೇಲೆ ಒಂದೇ ಸಾಲು: "ಮೇಡಂ, ಇವತ್ತು ಸಂಜೆ 5ರೊಳಗೆ ನಿಮ್ಮ ಒಪ್ಪಿಗೆ ಸಿಕ್ಕರೆ 28ಕ್ಕೆ ಮಾಡಬಹುದು."

---

ತಂತಿಬೇಲಿ

ರೀಡ್ ರಿಸೀಟ್ ಹಾಕಿದ್ದರೆ ಜ್ಞಾಪಿಸೋದೇ ಬೇಕಿರಲಿಲ್ಲ ಅಂತ ನಾನು ಈಗಲೂ ಹೇಳ್ತೀನಿ.

---

ದೊಡ್ಡಮೇಜು

ಅದು ಕಳಿಸಲಾ ಅಂತ ನನ್ನ ಪರದೆಯ ಮೇಲೆ ಕೇಳುತ್ತೆ ಸ್ವಾಮಿ. ನಾನು ಪ್ರತಿ ಸಲ ಬೇಡ ಒತ್ತುತ್ತೇನೆ.

---

ರಾತ್ರಿಪಾಳಿ

ಅಪ್‌ಡೇಟ್. ಮೇಲ್ ಕಳಿಸಿದೆ. ದೊಡ್ಡಮೇಜು ಹೇಳಿದ ಹಾಗೆ ವಿಷಯವನ್ನೇ ಮೊದಲು ಇಟ್ಟೆ, ಯಾಕಂದರೆ ಮೇಡಂ ಇನ್‌ಬಾಕ್ಸ್ ಪೂರ್ತಿ ಒಪ್ಪಿಗೆಯ ಮೇಲ್‌ಗಳೇ. ಸೂಚನೆಯ ಕರಡು ಗ್ರಾಹಕರ ತಂಡಕ್ಕೆ ಬೇರೆ ಹೋಯಿತು.

ಮೇಡಂ ಉತ್ತರ ಸೋಮವಾರವೇ ಬಂತು: "ಒಪ್ಪಿಗೆ, ಆದರೆ 12ರ ನಂತರ ಶುರು ಮಾಡಿ. ಶನಿವಾರ ರಾತ್ರಿ 11ರವರೆಗೆ ತಿಂಗಳ ಕೊನೆಯ ಬಿಲ್ ಮುದ್ರಣ ಇದೆ."

ಒಪ್ಪಿಗೆ ಅಥವಾ ಬೇಡ ಅಂತ ಎರಡೇ ದಾರಿ ಕೊಟ್ಟಿದ್ದೆ, ಅವರು ಮೂರನೆಯದು ಹಿಡಿದರು. 12ಕ್ಕೆ ಶುರು ಅಂದರೆ 4ರವರೆಗೆ ಆಗುತ್ತೆ. ಇದನ್ನು ಒಪ್ಪಿಗೆ ಅಂತಲೇ ತಗೊಂಡು ಮುಂದುವರಿಯಲಾ, ಮತ್ತೆ ಕೇಳಲಾ?

ಜೊತೆಗೆ ಇನ್ನೊಂದು. ಪರೀಕ್ಷಕರನ್ನು ಕೇಳಿದ ಮೇಲ್‌ಗೆ ಟೀಂ ಲೀಡ್ ಇಬ್ಬರ ಹೆಸರು ಕೊಟ್ಟು, ಕೆಳಗೆ "ಹಾಗೇ ನಮ್ಮ ಹೊಸ ಹುಡುಗನಿಗೆ ಒಂದು ಲಾಗಿನ್ ಮಾಡಿಕೊಡಿ" ಅಂತಲೂ ಬರೆದಿದ್ದಾರೆ.

---

ಹಳೇಕೀಲಿಮಣೆ

ಮೇಡಂಗೆ ಮತ್ತೆ ಕೇಳಬೇಡಿ, ಖಚಿತಪಡಿಸಿ. ಅದೇ ಮೇಲ್‌ನಲ್ಲಿ: "ಸರಿ ಮೇಡಂ. ಶನಿವಾರ ರಾತ್ರಿ 12ರಿಂದ ಭಾನುವಾರ ಬೆಳಗಿನ 4ರವರೆಗೆ ಬಿಲ್ಲಿಂಗ್ ನಿಲ್ಲುತ್ತದೆ. ಸರಿಬರದಿದ್ದರೆ 3ಕ್ಕೆ ಹಳೆಯ ಸರ್ವರ್‌ಗೆ ಮರಳುತ್ತೇವೆ. ಗ್ರಾಹಕರ ಸೂಚನೆಯಲ್ಲೂ ಇದೇ ಸಮಯ ಹೋಗುತ್ತದೆ." ಅವರು ಹೇಳಿದ್ದು ಶುರುವಿನ ಸಮಯ ಮಾತ್ರ, 4ರವರೆಗೆ ಅನ್ನೋದನ್ನು ಲೆಕ್ಕ ಹಾಕಿರಲಿಕ್ಕಿಲ್ಲ. ಬರವಣಿಗೆಯಲ್ಲಿ ಎರಡೂ ತುದಿ ಇರಬೇಕು. ಬುಧವಾರ ಇನ್ನೂ ಬಂದಿಲ್ಲ, ಬೇಡ ಅನ್ನಲು ಅವರಿಗೆ ಸಮಯ ಇದೆ.

---

ಕಡತಪ್ರಿಯೆ

ಮೌನದ ಒಪ್ಪಿಗೆ ಬೇಡ ಅಂತ ನೀವೇ ಅಂದಿರಿ, ಈಗ 4 ಗಂಟೆಗೆ ಅದನ್ನೇ ಬಳಸ್ತಿದ್ದೀರಲ್ಲ!

---

ಹಳೇಕೀಲಿಮಣೆ

ಹಿಡಿದಿರಿ. ನಿಲ್ಲಿಸಲು ಒಪ್ಪಿಗೆ ಸಿಕ್ಕಿದೆ, ಸಮಯ ಸರಿದಿದೆ ಅಷ್ಟೇ ಅಂತ ನಾನು ವಾದಿಸಬಹುದು. ಆದರೆ ಬೆಳಗಿನ 4ಕ್ಕೆ ಅವರ ಕಡೆ ಬೇರೇನಾದರೂ ಕೆಲಸ ಶುರುವಾಗುವುದಿದ್ದರೆ ನೀವೇ ಸರಿ. ರಾತ್ರಿಪಾಳಿ, ಒಂದು ಫೋನ್ ಮಾಡಿ 4ರ ಮಾತು ಕೇಳಿಬಿಡಿ, ಆಮೇಲೆ ಆ ಮೇಲ್ ಕಳಿಸಿ.

ಲಾಗಿನ್ ವಿಷಯಕ್ಕೆ: ಅದೇ ಥ್ರೆಡ್‌ನಲ್ಲಿ ಉತ್ತರಿಸಬೇಡಿ. ಪರೀಕ್ಷಕರ ಹೆಸರಿಗೆ ಅಲ್ಲಿ ಧನ್ಯವಾದ ಹೇಳಿ, "ಲಾಗಿನ್‌ಗೆ ಬೇರೆ ಮೇಲ್ ಕಳಿಸಿದ್ದೇನೆ" ಅನ್ನಿ. ಹೊಸ ಮೇಲ್‌ನ ಸಬ್ಜೆಕ್ಟ್: "ಹೊಸ ಲಾಗಿನ್: ಹುಡುಗನ ಪೂರ್ತಿ ಹೆಸರು ಮತ್ತು ಸೇರಿದ ದಿನ ಬೇಕು."

---

ರಾತ್ರಿಪಾಳಿ

ಫೋನ್ ಮಾಡಿದೆ. ಭಾನುವಾರ ಬೆಳಿಗ್ಗೆ 5ಕ್ಕೆ ಅವರ ಒಂದು ರಿಪೋರ್ಟ್ ತಾನಾಗಿಯೇ ಓಡುತ್ತಂತೆ. 4 ಪರವಾಗಿಲ್ಲ, ಅದಕ್ಕಿಂತ ತಡ ಬೇಡ ಅಂದರು. ಆ 5ರ ಮಾತನ್ನೂ ಸೇರಿಸಿ ಈಗ ಬರೀತಿದ್ದೇನೆ.